24 ಕ್ಯಾರೆಟ್ ದರದಿಂದ 18, 14ರ ಲೆಕ್ಕ

ಅಂಗಡಿಯಲ್ಲಿ ಆ ದಿನದ 24 ಕ್ಯಾರೆಟ್ ದರ ತಿಳಿದರೆ ಸಾಕು, 18 ಮತ್ತು 14 ಕ್ಯಾರೆಟ್ ಚಿನ್ನದ ದರವನ್ನು ನಾವೇ ಲೆಕ್ಕ ಹಾಕಬಹುದು. ಕ್ಯಾರೆಟ್ ಲೆಕ್ಕದಲ್ಲಿ ಲೋಹವನ್ನು ತೂಕದಲ್ಲಿ 24 ಪಾಲು ಮಾಡುತ್ತಾರೆ. 18 ಕ್ಯಾರೆಟ್ ಎಂದರೆ ಅದರಲ್ಲಿ 18 ಪಾಲು ಚಿನ್ನ, ಉಳಿದ 6 ಪಾಲು ತಾಮ್ರ, ಬೆಳ್ಳಿ, ಸತುವಿನಂಥ ಬೇರೆ ಲೋಹ. ಅಪ್ಪಟ ಚಿನ್ನ ತೀರಾ ಮೆದು. ಈ ಬೆರಕೆಯಿಂದ ಅದು ಗಟ್ಟಿಯಾಗಿ ಕಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿಯೇ ವಜ್ರದೊಡವೆಗಳು ಹೆಚ್ಚಾಗಿ 18ರಲ್ಲೋ 14ರಲ್ಲೋ ಇರುತ್ತವೆ.

24 ಕ್ಯಾರೆಟ್ ಚಿನ್ನ ಗ್ರಾಂಗೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. 18 ಕ್ಯಾರೆಟ್‌ಗೆ ಹಾಲ್‌ಮಾರ್ಕ್ ಮುದ್ರೆ 750, ಅಂದರೆ ಸಾವಿರಕ್ಕೆ 750 ಪಾಲು ಚಿನ್ನ. ದರ 12,000 × 0.750 = 9,000. 14ನ್ನು 24ರಿಂದ ಭಾಗಿಸಿದರೆ 0.583 ಬರುತ್ತದೆ, ಆದರೆ ಮುದ್ರೆ 585. ಮುದ್ರೆಯನ್ನೇ ಹಿಡಿದರೆ ದರ 7,020.

ಈಗ ಒಂದು 18 ಕ್ಯಾರೆಟ್ ಉಂಗುರ ನೋಡೋಣ. ಒಟ್ಟು ತೂಕ 5.2 ಗ್ರಾಂ, ಅದರಲ್ಲಿ ಕಲ್ಲು 0.2 ಗ್ರಾಂ. ಮೊದಲು ಕಲ್ಲಿನ ತೂಕ ಕಳೆಯಬೇಕು. ಇಲ್ಲದಿದ್ದರೆ ಕಲ್ಲಿಗೂ ಚಿನ್ನದ ದರ ಕೊಟ್ಟು 1,800 ರೂಪಾಯಿ ಹೆಚ್ಚು ತೆರುತ್ತೇವೆ. ಉಳಿದ 5 ಗ್ರಾಂಗೆ 45,000. ಮೇಕಿಂಗ್ ಚಾರ್ಜ್ ಶೇ. 12 ಆದರೆ 5,400. ಒಟ್ಟು 50,400ರ ಮೇಲೆ ಶೇ. 3 ಜಿಎಸ್‌ಟಿ 1,512. ಕೊಡಬೇಕಾದ್ದು 51,912, ಕಲ್ಲಿನ ಬೆಲೆ ಬೇರೆ.

ಅಂಗಡಿಯವರು 18 ಕ್ಯಾರೆಟ್ ದರ 9,600 ಎಂದರೆ ಅದನ್ನು 12,000ದಿಂದ ಭಾಗಿಸಿ ನೋಡಿ. 0.80 ಬರುತ್ತದೆ. ಚಿನ್ನವಿರುವುದು 0.75 ಮಾತ್ರ, ಮಿಕ್ಕಿದ್ದು ವೇಸ್ಟೇಜ್ ಅಥವಾ ಲಾಭವಾಗಿ ದರದೊಳಗೇ ಸೇರಿದೆ. ಅದರ ಮೇಲೆ ಮೇಕಿಂಗ್ ಚಾರ್ಜ್ ಬೇರೆ ಹಾಕಿದ್ದರೆ ಆ 600 ರೂಪಾಯಿ ಯಾವುದಕ್ಕೆ ಎಂದು ಕೇಳಲೇಬೇಕು. ಭಾಗಿಸುವ ಮುನ್ನ ಎರಡೂ ದರ ಜಿಎಸ್‌ಟಿ ಸೇರದವು ಎಂಬುದನ್ನು ಖಚಿತಪಡಿಸಿಕೊಳ್ಳಿ.

14 ಕ್ಯಾರೆಟ್ಟಿನಲ್ಲಿ ಇನ್ನೊಂದು ಸಂಗತಿಯಿದೆ, ಇದನ್ನು ಗಮನಿಸುವವರು ಕಡಿಮೆ. ಚಿನ್ನ ಕಡಿಮೆಯಾದಂತೆ ಲೋಹವೂ ಹಗುರವಾಗುತ್ತದೆ. ಹಳದಿ ಬಣ್ಣದ 18 ಕ್ಯಾರೆಟ್ ಒಂದು ಘನ ಸೆಂಟಿಮೀಟರಿಗೆ ಸುಮಾರು 15.5 ಗ್ರಾಂ ತೂಗಿದರೆ, 14 ಕ್ಯಾರೆಟ್ ಸುಮಾರು 13 ಗ್ರಾಂ. ಅದೇ ಅಚ್ಚಿನಲ್ಲಿ ಎರಕ ಹೊಯ್ದ ಉಂಗುರ 14ರಲ್ಲಿ 5 ಗ್ರಾಂ ಬರುವುದಿಲ್ಲ, ಸುಮಾರು 4.2 ಗ್ರಾಂ ಬರುತ್ತದೆ. ಚಿನ್ನಕ್ಕೆ 29,484, ಅದೇ ಮೇಕಿಂಗ್ ಚಾರ್ಜ್ ಮತ್ತು ಜಿಎಸ್‌ಟಿ ಸೇರಿ ಸುಮಾರು 34,013. ತೂಕವೂ 5 ಗ್ರಾಂ ಎಂದೇ ಹಿಡಿದಿದ್ದರೆ 40,491 ಆಗುತ್ತಿತ್ತು. ಆದ್ದರಿಂದ 18ರ ಮಾದರಿ ತೋರಿಸಿ 14ರಲ್ಲಿ ಮಾಡಿಕೊಡುವೆ ಎಂದಾಗ ಆ ತೂಕಕ್ಕೇ ಬೆಲೆ ಒಪ್ಪಿಕೊಳ್ಳಬೇಡಿ. ತಯಾರಾದ ಉಂಗುರವನ್ನೇ ತೂಗಿಸಿ ಬಿಲ್ ಬರೆಸಿ.