ಓಟದ ತರಬೇತಿ: ಆ್ಯಪ್ ಸಾಕೇ, ಕೋಚ್ ಬೇಕೇ?

ಮಕ್ಕಳ ಓಟದ ತರಬೇತಿಗೆ ಮೊಬೈಲ್ ಆ್ಯಪ್ ಸಾಕೋ, ಹಣ ಕೊಟ್ಟು ಕೋಚ್ ಹತ್ತಿರ ಕಳಿಸಬೇಕೋ ಎಂದು ಕೆಲವರು ಕೇಳಿದ್ದಾರೆ. ನಾವು ಓಡಿದವರಲ್ಲ, ಕುರ್ಚಿಯಲ್ಲಿ ಕೂತು ಕಡತ ನೋಡಿದವರು. ಆದರೆ ಸೊಲ್ಲಾಪುರದ ನಮ್ಮ ಸದಸ್ಯರೊಬ್ಬರ ಮಗನಿಗಾದದ್ದನ್ನು ಹತ್ತಿರದಿಂದ ಕಂಡಿದ್ದೇವೆ.

ಹುಡುಗ 21 ಕಿ.ಮೀ. ಓಟಕ್ಕೆ ತಯಾರಾಗುತ್ತಿದ್ದ. ಆ್ಯಪ್ 12 ವಾರಗಳ ಪಟ್ಟಿ ಕೊಟ್ಟಿತ್ತು, ವಾರಕ್ಕೆ 4 ದಿನ ಓಟ. ಕೈಗಡಿಯಾರದಿಂದ ಬರುವ ದೂರ, ವೇಗ, ನಾಡಿಬಡಿತ ನೋಡಿಕೊಂಡು ಅದು ಮುಂದಿನ ದಿನಗಳ ಓಟವನ್ನು ತಿದ್ದುತ್ತದೆ. ಅಕ್ಕನ ಮದುವೆಯ ಗದ್ದಲದಲ್ಲಿ 5 ದಿನ ಓಟ ತಪ್ಪಿತು. ತಪ್ಪಿದ್ದನ್ನೆಲ್ಲ ಮುಂದಿನ ವಾರಕ್ಕೆ ತುರುಕದೆ, ಆ್ಯಪ್ ಸಣ್ಣ ಓಟದಿಂದ ಮತ್ತೆ ಶುರು ಮಾಡಿಸಿತು. ಬೆಳಗಿನ ಐದು ಗಂಟೆಗೆ ಇಷ್ಟು ಲೆಕ್ಕ ಹಾಕಿಕೊಡುವ ಮನುಷ್ಯ ಸಿಗುವುದು ಕಷ್ಟ.

ತೊಂದರೆ ಬಂದದ್ದು ನಿಧಾನ ಓಟದ ದಿನಗಳಲ್ಲಿ. ಆ ದಿನಗಳಿರುವುದು ದೇಹ ಚೇತರಿಸಿಕೊಳ್ಳಲಿ ಎಂದು. ಹುಡುಗ ಉತ್ಸಾಹದಲ್ಲಿ ಅಂದೂ ಜೋರಾಗಿಯೇ ಓಡುತ್ತಿದ್ದ. ಆ್ಯಪ್ ಅದನ್ನು ಪ್ರಗತಿ ಎಂದು ತಿಳಿದು ವೇಗ ಏರಿಸುತ್ತಾ ಹೋಯಿತು. ಆರನೇ ವಾರ ಮೊಣಕಾಲಿನ ಕೆಳಗೆ, ಎಲುಬಿನ ಒಳಬದಿಯಲ್ಲಿ ನೋವು ಕಾಣಿಸಿತು. ಓಟ ನಿಧಾನವಾಯಿತು. ದಣಿದಿದ್ದಾನೆ ಎಂದುಕೊಂಡ ಆ್ಯಪ್ ವೇಗ ತುಸು ಇಳಿಸಿತೇ ಹೊರತು 4 ದಿನದ ಓಟ ಹಾಗೇ ಉಳಿಸಿತು. ನೋವು ತಿಳಿಸಲು ಅದರಲ್ಲಿ ಜಾಗವಿತ್ತು. ಓಟ ನಿಲ್ಲಿಸಿಬಿಡುತ್ತದೆಂಬ ಭಯಕ್ಕೆ ಅವನು ಒತ್ತಲೇ ಇಲ್ಲ.

ಕೊನೆಗೆ ತಂದೆ ನಿವೃತ್ತ ದೈಹಿಕ ಶಿಕ್ಷಕರೊಬ್ಬರ ಬಳಿ ಕರೆದೊಯ್ದರು. ಅವರು ಮೊಬೈಲ್ ಕೇಳಲಿಲ್ಲ. ಎಲುಬಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಬಂದರು. ಅಂಗೈಯುದ್ದ ನೋವಿದ್ದರೆ ಹೆಚ್ಚಾಗಿ ಎಲುಬಿಗಂಟಿದ ಭಾಗದ ಉರಿಯೂತ. ಬೆರಳ ತುದಿಯಷ್ಟು ಒಂದೇ ಜಾಗದಲ್ಲಿ ಚುಚ್ಚಿದರೆ, ರಾತ್ರಿಯೂ ನೋಯುತ್ತಿದ್ದರೆ, ಎಲುಬಿನಲ್ಲೇ ಬಿರುಕಿನ ಸಂಶಯ ಎಂದರು. ಇವನಿಗೆ ಒಂದೇ ಜಾಗ. "ಇವತ್ತಿಂದ ಓಟ ಬಂದ್, ಮೊದಲು ಡಾಕ್ಟರಿಗೆ ತೋರಿಸು" ಎಂದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೊದಲ ಎರಡು ಮೂರು ವಾರ ಅದರಲ್ಲಿ ಕಾಣದಿರುವುದೇ ಹೆಚ್ಚು. ಎಂಆರ್‌ಐಯಲ್ಲಿ ಸಿಕ್ಕಿತು. ಎಂಟು ವಾರ ಓಟವಿಲ್ಲ. ಆ ವರ್ಷದ ಸ್ಪರ್ಧೆಯೂ ಇಲ್ಲ.

ಹಾಗೆಂದು ಕೋಚ್ ಎಂಬ ಹೆಸರಿದ್ದರೆ ಸಾಲದು. ತಿಂಗಳಿಗೊಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಕಳಿಸಿ ಶುಲ್ಕ ತೆಗೆದುಕೊಳ್ಳುವವರಿದ್ದಾರೆ. ಅವರಿಗಿಂತ ಆ್ಯಪ್ ಮೇಲು. ಹಣ ಕೊಡುವ ಮೊದಲು ಅವರು ಓಟವನ್ನು ಕಣ್ಣಾರೆ ನೋಡುತ್ತಾರೆಯೇ, ಹಳೆಯ ನೋವು, ನಿದ್ದೆ, ಬೂಟು ವಿಚಾರಿಸುತ್ತಾರೆಯೇ ಎಂದು ಗಮನಿಸಿ.

ಹುಡುಗ ಈಗ ವಾರದ ಓಟ ಆ್ಯಪ್ ನೋಡಿಯೇ ಓಡುತ್ತಾನೆ. ಭಾನುವಾರ ಗುರುಗಳು ಮೈದಾನಕ್ಕೆ ಬರುತ್ತಾರೆ. ನಿಧಾನ ಓಟದಲ್ಲಿ ಅವನನ್ನು ಮಾತಾಡಿಸುತ್ತಾರೆ. ಏದುಸಿರಿನಿಂದ ಒಂದು ಪೂರ್ತಿ ವಾಕ್ಯ ಹೇಳಲಾಗದಿದ್ದರೆ, ಗಡಿಯಾರ ಏನೇ ತೋರಿಸಲಿ, ವೇಗ ಇಳಿಸುತ್ತಾರೆ.