ಯಾವ ನಿಮಿಷದಲ್ಲಿ ಹೇಳಿದರು?

ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿರುವ ಆ ಒಂದು ಕೋಣೆಯ ಮನೆಗೆ ನಾನು ಹೋದದ್ದು ಒಂದು ನೋಟ್‌ಬುಕ್ ನೋಡಲು. ಮುಂಬಯಿಯ ಕನ್ನಡ ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದು ನಿವೃತ್ತರಾದ ಅದರ ಒಡತಿಗೆ ತಮ್ಮ ಹೆಸರು ಹಾಕುವುದು ಇಷ್ಟವಿಲ್ಲ. ರಾಜಕಾರಣಿಗಳ ಭಾಷಣಗಳನ್ನು ಕೂತು ಕೇಳುತ್ತಾರೆ, ಬರೆದಿಡುತ್ತಾರೆ. ಪುಟದಲ್ಲಿ ನಾಲ್ಕು ಕಾಲಂ: ನಿಮಿಷ-ಸೆಕೆಂಡು, ಆಡಿದ ಮಾತು ಇದ್ದಂತೆಯೇ, ಅದರೊಳಗಿನ ಹೇಳಿಕೆಗಳು, ದಾಖಲೆ.

ಮುಂಬಯಿಗೆ ಈ ಕಸುಬು ಹೊಸದಲ್ಲ. ಭಾಷಣಗಳ ಸತ್ಯಾಸತ್ಯ ನೋಡಲೆಂದೇ ‘ಫ್ಯಾಕ್ಟ್‌ಚೆಕರ್’ 2014ರಲ್ಲಿ ಇಲ್ಲಿಂದಲೇ ಶುರುವಾಯಿತು. ಇವರದ್ದು ಮಾತ್ರ ಸಂಸ್ಥೆಯಲ್ಲ, ಚಟ.

ನೋಟ್‌ಬುಕ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಲಬುರಗಿಯ ಪುಟ. 2018ರ ಮೇ 3ರಂದು ಪ್ರಧಾನಿ ನರೇಂದ್ರ ಮೋದಿ ಅಲ್ಲಿನ ಚುನಾವಣಾ ಸಭೆಯಲ್ಲಿ ಕೊಡಗಿನ ಜನರಲ್ ತಿಮ್ಮಯ್ಯ ಅವರನ್ನು ನೆನೆದಿದ್ದರು. ‘ತಿಮ್ಮಯ್ಯಗೆ ಅವಮಾನ’ ಎಂಬ ಒಂದೇ ಮಾತಾಗಿ ನೆನಪಿನಲ್ಲಿ ಉಳಿಯುವಂಥದ್ದು ಅದು. ವಿಡಿಯೊ ಕೇಳಿದರೆ ಆ ಒಂದು ಉಸಿರಿನಲ್ಲಿ ಮೂರು ಹೇಳಿಕೆಗಳಿವೆ. 1948ರ ಯುದ್ಧ ಗೆದ್ದದ್ದು ತಿಮ್ಮಯ್ಯ ನೇತೃತ್ವದಲ್ಲಿ. ಆ ಪರಾಕ್ರಮದ ಬಳಿಕ ನೆಹರೂ ಮತ್ತು ಆಗಿನ ರಕ್ಷಣಾ ಸಚಿವ ಕೃಷ್ಣ ಮೆನನ್ ಸೇರಿ ತಿಮ್ಮಯ್ಯನವರನ್ನು ಪದೇ ಪದೇ ಅವಮಾನಿಸಿದರು. ಅದರಿಂದಲೇ ಅವರು ರಾಜೀನಾಮೆ ಕೊಡಬೇಕಾಯಿತು.

ಮೂರಕ್ಕೂ ಬೇರೆ ಬೇರೆ ಸಾಲು ಹಾಕಿದ್ದಾರೆ. ಮೊದಲನೆಯದು ಅರ್ಧ ಸರಿ. 1948ರಲ್ಲಿ ತಿಮ್ಮಯ್ಯ ಮೇಜರ್ ಜನರಲ್. ಕಾಶ್ಮೀರದಲ್ಲಿ ಡಿವಿಷನ್ ನಡೆಸಿದರು, ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಟ್ಯಾಂಕು ನುಗ್ಗಿಸಿದ ದಾಳಿ ಅವರದೇ. ಆದರೆ ಸೇನೆಯ ಮುಖ್ಯಸ್ಥ ಆಗ ಬ್ರಿಟಿಷ್ ಅಧಿಕಾರಿ ರಾಯ್ ಬುಚರ್. ಎರಡನೆಯದು ಕಾಲದಲ್ಲೇ ಮುಗ್ಗರಿಸುತ್ತದೆ: 1948ರ ರಕ್ಷಣಾ ಸಚಿವ ಬಲದೇವ್ ಸಿಂಗ್, ಮೆನನ್ ಆ ಖಾತೆಗೆ ಬಂದದ್ದು 1957ರಲ್ಲಿ. ನಡುವಿನ ವರ್ಷಗಳಲ್ಲಿ ತಿಮ್ಮಯ್ಯ ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾದರು, 1954ರಲ್ಲಿ ಪದ್ಮಭೂಷಣ ಪಡೆದರು, 1957ರಲ್ಲಿ ಸೇನಾ ಮುಖ್ಯಸ್ಥರಾದರು. ಮೂರನೆಯದಕ್ಕೆ ಆಧಾರವಿದೆ. ಮೆನನ್ ಜೊತೆ ಜಟಾಪಟಿ ಬೆಳೆದು 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟದ್ದು ನಿಜ. ನೆಹರೂ ಮಾತಿನ ಮೇಲೆ ಹಿಂದಕ್ಕೆ ಪಡೆದು 1961ರವರೆಗೆ ಹುದ್ದೆಯಲ್ಲೇ ಇದ್ದದ್ದೂ ನಿಜ. ಹನ್ನೊಂದು ವರ್ಷಗಳ ಅಂತರವನ್ನು ಒಂದೇ ‘ಬಳಿಕ’ ನುಂಗಿಹಾಕಿದೆ. ಅವಮಾನವೋ ಅಲ್ಲವೋ ಎಂಬುದಕ್ಕೆ ನೋಟ್‌ಬುಕ್‌ನ ಒಡತಿ ಗೆರೆ ಎಳೆದು ಬಿಟ್ಟಿದ್ದಾರೆ: “ಅದು ಅಭಿಪ್ರಾಯ ಮಾರಾಯ್ರೆ, ನನ್ನ ಕೆಲಸ ಅಲ್ಲ.”

‘ಸುಳ್ಳು’ ಎಂಬ ಒಂದೇ ಮುದ್ರೆ ಒತ್ತಿದ್ದರೆ ಜೋಜಿಲಾವೂ ಸುಳ್ಳಾಗುತ್ತಿತ್ತು. ನನಗೆ ಇಷ್ಟವಾದದ್ದು ಇದೇ.

ನಿಮಿಷ ಗುರುತಿಸುವುದು ಸುಲಭವೆಂದುಕೊಂಡಿದ್ದೆ. ನೇರಪ್ರಸಾರದ ವಿಡಿಯೊ ಶುರುವಿನಲ್ಲಿ ಖಾಲಿ ವೇದಿಕೆ, ಹಾರ-ತುರಾಯಿ ಇರುತ್ತದೆ. ಆಮೇಲೆ ಚಾನೆಲ್‌ನವರು ಅದನ್ನು ಕತ್ತರಿಸಿದರೆ ಬರೆದಿಟ್ಟ ನಿಮಿಷಗಳೆಲ್ಲ ಅಷ್ಟಷ್ಟೇ ಹಿಂದೆ ಸರಿಯುತ್ತವೆ. ಆದ್ದರಿಂದ ಪುಟದ ತಲೆಯಲ್ಲಿ ಚಾನೆಲ್, ನೋಡಿದ ದಿನಾಂಕ, ವಿಡಿಯೊದ ಒಟ್ಟು ಉದ್ದ ಬರೆಯುತ್ತಾರೆ. ಉದ್ದ ಬದಲಾಗಿದ್ದರೆ ಕತ್ತರಿ ಬಿದ್ದಿದೆ ಎಂದೇ ಅರ್ಥ. ಪ್ರತಿ ಹೇಳಿಕೆಯ ಮೊದಲ ಮೂರು ಪದಗಳನ್ನೂ ಬರೆದಿರುತ್ತಾರೆ, ನಿಮಿಷ ಸರಿದರೂ ಪದ ಸಿಗಲಿ ಎಂದು. ಕೊಂಡಿ ಕಳಿಸುವಾಗ ನಿಮಿಷವನ್ನು ಸೆಕೆಂಡಿಗೆ ಇಳಿಸಬೇಕು. ಹೇಳಿಕೆ 12:34ಕ್ಕೆ ಬಂದರೆ ಅದು 754ನೇ ಸೆಕೆಂಡು. ಅವರು `?t=744` ಎಂದು ಕೊಂಡಿಯ ಕೊನೆಗೆ ಸೇರಿಸುತ್ತಾರೆ, ಕೊಂಡಿಯಲ್ಲಿ ಮೊದಲೇ `?` ಇದ್ದರೆ `&t=744` ಎಂದು. ಹತ್ತು ಸೆಕೆಂಡು ಮುಂಚಿತವಾಗಿ, ಹಿಂದಿನ ವಾಕ್ಯವೂ ಕಿವಿಗೆ ಬೀಳಲಿ ಎಂದು. ಎದುರಾಳಿಯ ಮಾತನ್ನು ಅಣಕಿಸಲು ಎತ್ತಿ ಆಡಿದ್ದೂ ಕತ್ತರಿಸಿದ ತುಣುಕಿನಲ್ಲಿ ಭಾಷಣಕಾರನದೇ ಮಾತಾಗಿಬಿಡುತ್ತದಲ್ಲ!

ಯೂಟ್ಯೂಬ್ ತಾನೇ ಮೂಡಿಸುವ ಅಕ್ಷರಸಾಲುಗಳನ್ನು ಹುಡುಕಲಷ್ಟೇ ಬಳಸುತ್ತಾರೆ. ಹೆಸರು, ಅಂಕಿ ಅಲ್ಲಿ ಅಡ್ಡಾದಿಡ್ಡಿ. ಹಿಂದಿ ಭಾಷಣಕ್ಕೆ ವೇದಿಕೆಯಲ್ಲೇ ಕನ್ನಡ ಅನುವಾದ ನಡೆದರೆ ಇನ್ನೂ ಫಜೀತಿ. ಅನುವಾದಕ ಕೋಟಿಯನ್ನು ಲಕ್ಷ ಮಾಡಿದರೆ ಅದನ್ನು ಭಾಷಣಕಾರನ ತಲೆಗೆ ಕಟ್ಟುವಂತಿಲ್ಲ. ಎರಡಕ್ಕೂ ಬೇರೆ ಸಾಲು.

ಪ್ರಧಾನಿಯ ಭಾಷಣವಾದರೆ ನಾಲ್ಕಾರು ಕಡೆ ಪೂರ್ತಿ ಸಿಗುತ್ತದೆ. ತಾಲ್ಲೂಕು ಮಟ್ಟದ ಅಭ್ಯರ್ಥಿಯದು ಫೇಸ್‌ಬುಕ್ ಲೈವ್‌ನಲ್ಲಿ ಬಂದು ಮತದಾನ ಮುಗಿದ ಮೇಲೆ ಮಾಯವಾದರೆ ಅವರ ಪುಟದಲ್ಲಿ ನಿಮಿಷ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಬೇರೆ ಚಿತ್ರೀಕರಣವೇ ಇಲ್ಲವೆಂದಲ್ಲ, ಚುನಾವಣಾ ಆಯೋಗದ ವಿಡಿಯೊ ಕಣ್ಗಾವಲು ತಂಡಗಳು ಸಭೆಗಳನ್ನು ಚಿತ್ರೀಕರಿಸುತ್ತವೆ. ಶುರುವಿನಲ್ಲೇ ದಿನಾಂಕ, ಸ್ಥಳ, ಪಕ್ಷದ ಹೆಸರನ್ನು ಬಾಯಲ್ಲಿ ಹೇಳಿ ದಾಖಲಿಸಬೇಕೆಂಬ ಸೂಚನೆಯೂ ಇದೆ. ಆದರೆ ಆ ಚಿತ್ರೀಕರಣ ಮುಖ್ಯವಾಗಿ ಖರ್ಚಿನ ಲೆಕ್ಕಕ್ಕೆ: ಎಷ್ಟು ಕುರ್ಚಿ, ಎಷ್ಟು ವಾಹನ, ವೇದಿಕೆ ಎಷ್ಟು ದೊಡ್ಡದು.