ಬಾಗ್ದಾದಿನ ದಾರಿಯಲ್ಲಿ ಬಂದ ‘ಬಲ್ಗಮ್’

ಬಸವಕಲ್ಯಾಣ, ಹುಮನಾಬಾದ್ ಕಡೆ ಆಸ್ಪತ್ರೆಗೆ ದವಾಖಾನೆ ಎನ್ನುವುದೇ ರೂಢಿ. ಯುನಾನಿ ಹಕೀಮರು ನಾಡಿ ಹಿಡಿದು ನೋಡಿ ‘ಬಲ್ಗಮ್ ಹೆಚ್ಚಾಗಿದೆ’ ಎಂದರೆ ಕಫ ಕಟ್ಟಿದೆ ಎಂದು ರೋಗಿಗೆ ತಿಳಿಯುತ್ತದೆ. ಈ ಬಲ್ಗಮ್ ಹುಟ್ಟಾ ಅರಬ್ಬಿ ಮಾತಲ್ಲ, ಗ್ರೀಕರ ‘ಫ್ಲೆಗ್ಮ’. ಯುನಾನಿ ಎಂದರೂ ಗ್ರೀಕರದು ಎಂದೇ ಅರ್ಥ. ಗ್ರೀಕ್ ವೈದ್ಯ ಗ್ಯಾಲೆನ್ ಹಕೀಮರ ಬಾಯಲ್ಲಿ ಜಾಲಿನೂಸ್ ಆಗಿದ್ದಾನೆ. ಈ ಗ್ರೀಕ್ ವಿದ್ಯೆಗೆ ಅರಬ್ಬಿ ಮಾತು ಕಲಿಸಿದ ಊರು ಬಾಗ್ದಾದ್.

ಅಬ್ಬಾಸಿ ಖಲೀಫ ಅಲ್-ಮನ್ಸೂರ್ 762ರಲ್ಲಿ ಆ ನಗರವನ್ನು ಕಟ್ಟಿಸಿದ. ಅವನ ಕಾಲದಲ್ಲೇ ಆರಂಭವಾದ ಅನುವಾದದ ಕೆಲಸ ಅಲ್-ಮಾಮೂನ್ (813–833) ಆಳ್ವಿಕೆಯಲ್ಲಿ ಭರದಿಂದ ಸಾಗಿತು. ಅದೇ ಹೊತ್ತಿಗೆ ಇತ್ತ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದಿದ್ದ. ಬಾಗ್ದಾದಿನಲ್ಲಿ ಖಲೀಫರಷ್ಟೇ ಅಲ್ಲ, ಮಂತ್ರಿಗಳು, ವೈದ್ಯರು, ಶ್ರೀಮಂತ ವಿದ್ವಾಂಸರು ಕೂಡ ಕೈಯಿಂದ ಹಣ ಹಾಕಿ ಪುಸ್ತಕ ಬರೆಸುತ್ತಿದ್ದರು. ಬನೂ ಮೂಸಾ ಎಂಬ ಮೂವರು ಗಣಿತಜ್ಞ ಸೋದರರು ಅನುವಾದಕರಿಗೆ ತಿಂಗಳಿಗೆ ಸುಮಾರು 500 ದಿನಾರ್ ಕೊಡುತ್ತಿದ್ದರೆಂದು ಹತ್ತನೆಯ ಶತಮಾನದ ಪುಸ್ತಕ ವ್ಯಾಪಾರಿ ಇಬ್ನ್ ಅಲ್-ನದೀಮ್ ಬರೆದಿಟ್ಟಿದ್ದಾನೆ.

ಅವರಿಂದ ಸಂಭಾವನೆ ಪಡೆದವರಲ್ಲಿ ಹುನೈನ್ ಇಬ್ನ್ ಇಸ್ಹಾಕ್ (809–873) ಒಬ್ಬ. ಇರಾಕಿನ ಹೀರಾದಲ್ಲಿ ಹುಟ್ಟಿದ ಕ್ರೈಸ್ತ, ವೃತ್ತಿಯಿಂದ ವೈದ್ಯ. ಗ್ಯಾಲೆನ್‌ನ 129 ಕೃತಿಗಳ ಪಟ್ಟಿ ಮಾಡಿ, ಯಾವುದನ್ನು ಯಾರು ಯಾರಿಗಾಗಿ ಅನುವಾದಿಸಿದರು ಎಂಬುದನ್ನು ಒಂದು ದೀರ್ಘ ಪತ್ರದಲ್ಲಿ ವಿವರಿಸಿದ್ದಾನೆ. ಅವನ ಕೆಲಸದ ಕೋಣೆಯೊಳಗೆ ಇಣುಕಲು ನಮಗಿರುವ ಕಿಟಕಿ ಆ ಪತ್ರವೇ.

ವೈದ್ಯಪಂಥಗಳನ್ನು ಕುರಿತ ಗ್ಯಾಲೆನ್‌ನ ಸಣ್ಣ ಪುಸ್ತಕದ ಕಥೆಯನ್ನೇ ನೋಡಿ. ಹುನೈನ್ ಅದನ್ನು ಮೊದಲು ಸಿರಿಯಾಕ್ ಭಾಷೆಗೆ ತಂದಾಗ ಅವನಿಗೆ ಇಪ್ಪತ್ತರ ಆಸುಪಾಸು. ಕೈಗೆ ಸಿಕ್ಕಿದ್ದು ತಪ್ಪುಗಳಿಂದ ತುಂಬಿದ ಒಂದೇ ಗ್ರೀಕ್ ಹಸ್ತಪ್ರತಿ. ನಲವತ್ತರ ಹೊತ್ತಿಗೆ ಶಿಷ್ಯ ಹುಬೈಶ್ ಅದನ್ನು ತಿದ್ದಿಕೊಡುವಂತೆ ಕೇಳಿದ. ಅಷ್ಟರಲ್ಲಿ ಹುನೈನ್ ಬಳಿ ಅದೇ ಪುಸ್ತಕದ ಹಲವು ಪ್ರತಿಗಳು ಕೂಡಿದ್ದವು. ಅವನು ತಕ್ಷಣ ಅನುವಾದಕ್ಕೆ ಕೈಹಾಕಲಿಲ್ಲ. ಮೊದಲು ಗ್ರೀಕ್ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಶುದ್ಧ ಪ್ರತಿಯೊಂದನ್ನು ಸಿದ್ಧಮಾಡಿಕೊಂಡ. ಆಮೇಲೆ ತನ್ನ ಹಳೆಯ ಅನುವಾದವನ್ನು ಅದರ ಪಕ್ಕಕ್ಕಿಟ್ಟು ತಿದ್ದಿದ. ಎಲ್ಲ ಪುಸ್ತಕಗಳಿಗೂ ತನ್ನದು ಇದೇ ಕ್ರಮ ಎಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಅರಬ್ಬಿ ಅನುವಾದ ಆಮೇಲೆ ಬಂತು, ಬನೂ ಮೂಸಾ ಸೋದರರಲ್ಲಿ ಒಬ್ಬನಿಗಾಗಿ. ವಚನಗಳ ಓಲೆಕಟ್ಟುಗಳನ್ನು ಮುಂದಿಟ್ಟುಕೊಂಡು ಪಾಠಾಂತರ ನೋಡಿದವರಿಗೆ ಈ ದುಡಿಮೆಯ ಗುರುತು ಹತ್ತುತ್ತದೆ.

ಶುದ್ಧ ಪ್ರತಿ ಸಿದ್ಧವಾದ ಮೇಲೆ ಪದಗಳ ತೊಡಕು ಎದುರಾಗುತ್ತಿತ್ತು. ಫ್ಲೆಗ್ಮದಂಥ ಕೆಲವು ಮಾತುಗಳು ಉಚ್ಚಾರ ಬದಲಿಸಿಕೊಂಡು ಹಾಗೆಯೇ ಉಳಿದವು. ಉಳಿದವಕ್ಕೆ ಅರ್ಥ ನೋಡಿ ಹೊಸ ಪದ ಕಟ್ಟಬೇಕಾಯಿತು. ಕಣ್ಣಿನ ಒಳಪದರಕ್ಕೆ ಗ್ರೀಕರು ‘ಬಲೆಯಂಥದು’ ಎನ್ನುತ್ತಿದ್ದರು. ಅರಬ್ಬಿಯಲ್ಲಿ ಬಲೆಗೆ ಶಬಕ, ಆದ್ದರಿಂದ ಆ ಪದರ ‘ಶಬಕಿಯ್ಯ’ ಆಯಿತು. ಮುಂದೆ ಲ್ಯಾಟಿನ್ ಅನುವಾದಕರೂ ತಮ್ಮ ‘ಬಲೆ’ಯನ್ನೇ ಬಳಸಿದರು. ಇಂದು ಕಣ್ಣಿನ ಡಾಕ್ಟರು ಹೇಳುವ ‘ರೆಟಿನಾ’ ಅದೇ ಬಲೆ.

ಎಲ್ಲವೂ ಕೈಗೂಡಲಿಲ್ಲ. ತರ್ಕದ ಪ್ರಮಾಣವನ್ನು ಕುರಿತ ಗ್ಯಾಲೆನ್‌ನ 15 ಭಾಗಗಳ ಗ್ರಂಥವನ್ನು ಹುಡುಕುತ್ತ ಹುನೈನ್ ಸಿರಿಯಾ, ಪ್ಯಾಲೆಸ್ಟೈನ್ ಸುತ್ತಿ ಈಜಿಪ್ಟಿನ ಅಲೆಕ್ಸಾಂಡ್ರಿಯದವರೆಗೂ ಹೋದ. ಸಿಕ್ಕಿದ್ದು ಡಮಾಸ್ಕಸ್‌ನಲ್ಲಿ, ಅದೂ ಸುಮಾರು ಅರ್ಧದಷ್ಟು, ಹಿಂದುಮುಂದಾದ ಹರಕು ಭಾಗಗಳು. ಗ್ರಂಥ ಇಡಿಯಾಗಿ ಇಂದಿಗೂ ದೊರೆತಿಲ್ಲ.

ಈ ಅರಬ್ಬಿ ಗ್ರಂಥರಾಶಿಯಿಂದ ಬೆಳೆದ ವಿದ್ಯೆ ಪರ್ಷಿಯಾದ ದಾರಿಯಲ್ಲಿ ದಖ್ಖನಿಗೆ ಇಳಿಯಿತು. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ (1397–1422) ಜ್ಯಾಮಿತಿ, ಖಗೋಳಗಳ ಪಾಠದಲ್ಲಿ ಆಸಕ್ತನಾಗಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಆ ಜ್ಯಾಮಿತಿಯ ಮೂಲ ಗ್ರೀಕರ ಯೂಕ್ಲಿಡ್. ಅವನನ್ನು ಅರಬ್ಬಿಗೆ ತಂದವರಲ್ಲಿ ಹುನೈನ್‌ನ ಮಗ ಇಸ್ಹಾಕ್ ಕೂಡ ಒಬ್ಬ. ಪರ್ಷಿಯಾದ ಗೀಲಾನಿನಿಂದ ಬಂದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಬೀದರಿನಲ್ಲಿ ನಿಂತಿದೆ.

ಆದರೆ ದಾರಿ ಒಮ್ಮುಖವಾಗಿರಲಿಲ್ಲ. ಬಾಗ್ದಾದಿನಲ್ಲಿ ಸಂಸ್ಕೃತದ ಸುಶ್ರುತಸಂಹಿತೆಯೂ ಅರಬ್ಬಿಗೆ ಬಂದಿತ್ತು. ಯುನಾನಿ ಔಷಧಗಳಲ್ಲಿ ‘ಇತ್ರಿಫಲ್’ ಎಂಬ ಲೇಹ್ಯಗಳ ಒಂದು ವರ್ಗವೇ ಇದೆ. ಅಳಲೆ, ತಾರೆ, ನೆಲ್ಲಿ ಇವುಗಳನ್ನು ಒಣಗಿಸಿ ಕುಟ್ಟಿ, ಜರಡಿ ಹಿಡಿದು, ಪುಡಿಗೆ ಬಾದಾಮಿ ಎಣ್ಣೆಯನ್ನೋ ತುಪ್ಪವನ್ನೋ ಸವರಿ, ಜೇನು ಅಥವಾ ಸಕ್ಕರೆ ಪಾಕದಲ್ಲಿ ಕಲಸುತ್ತಾರೆ. ಹೆಸರನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿಕೊಂಡರೆ ಸಾಕು: ಇತ್ರಿಫಲ್, ತ್ರಿಫಲ. ಇಲ್ಲಿಂದ ಹೊರಟ ಮೂರು ಕಾಯಿಗಳು ಅರಬ್ಬಿ ಹೆಸರು ಹೊತ್ತು ಹಕೀಮರ ಶೀಶೆಯಲ್ಲಿ ಮತ್ತೆ ಇಲ್ಲಿಗೇ ಬಂದು ಕುಳಿತಿವೆ.